ನೀಲಿ ಕಾಲೊನಿಗಳನ್ನು ಎಸೆಯುವ ಮುನ್ನ

ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಎಂಟು ಬಿಳಿ ಕಾಲೊನಿ ಆರಿಸಿದ್ದೆ. ಎಂಟರಲ್ಲೂ ನನ್ನ ಡಿಎನ್‌ಎ ತುಂಡು ಸೇರಿಕೊಂಡಿತ್ತು. ಆದರೆ ಎಂಟರಲ್ಲೂ ಅದು ತಿರುಗಿ ಕೂತಿತ್ತು. ನನಗೆ ಬೇಕಾಗಿದ್ದು ನೇರವಾಗಿ ಕೂತ ಒಂದೇ ಒಂದು ಕ್ಲೋನ್. ಅದು ಆ ಹೊತ್ತಿಗೆ ಫ್ರಿಜ್‌ನಲ್ಲಿದ್ದ ಅದೇ ಪ್ಲೇಟಿನಲ್ಲೇ ಇತ್ತು, ನೀಲಿ ಬಣ್ಣದಲ್ಲಿ. ನೀಲಿ ಅಂದರೆ ಖಾಲಿ ಎಂದು ಕಲಿತಿದ್ದ ನಾನು ಅದರ ಕಡೆ ನೋಡಿರಲೇ ಇಲ್ಲ.

ಕೆಲಸ ಇಷ್ಟೇ. ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್‌ಎ ಉಂಗುರ. ತುಂಡು ಹೊರಲು ಬಳಸುವ ಪ್ಲಾಸ್ಮಿಡ್ಡೇ ವೆಕ್ಟರ್. ಹಳೆಯ ಪ್ಲಾಸ್ಮಿಡ್ ಒಂದರಲ್ಲಿದ್ದ 87 ಬೇಸ್ ಉದ್ದದ ತುಂಡನ್ನು ಪಿಯುಸಿ19 ಎಂಬ ವೆಕ್ಟರ್‌ಗೆ ಸಾಗಿಸಬೇಕಿತ್ತು. ತುಂಡಿನ ಎರಡೂ ತುದಿಯಲ್ಲಿ ಇದ್ದದ್ದು ಒಂದೇ ಕಿಣ್ವದ ಜಾಗ, ಇಕೋ ಆರ್ ಒನ್. ಈ ಕಿಣ್ವ GAATTC ಎಂಬ ಆರು ಅಕ್ಷರಗಳನ್ನು ಹುಡುಕುತ್ತದೆ. ಎದುರಿನ ಎಳೆಯಲ್ಲೂ ಅದರ ದಿಕ್ಕಿನಲ್ಲಿ ಓದಿದರೆ ಅದೇ GAATTC ಸಿಗುತ್ತದೆ. ಎರಡು ಎಳೆಗಳಲ್ಲೂ G ಮತ್ತು A ನಡುವೆ ಕತ್ತರಿಸುತ್ತದೆ. ಹಾಗಾಗಿ ಪ್ರತಿ ತುದಿಯಲ್ಲೂ AATT ಎಂಬ ಒಂಟಿ ಎಳೆಯ ಬಾಲ ಉಳಿಯುತ್ತದೆ. ಎಲ್ಲ ಬಾಲಗಳೂ ಒಂದೇ ಥರ. ಯಾವುದಕ್ಕೆ ಯಾವುದು ಬೇಕಾದರೂ ಹೊಂದಿಕೊಳ್ಳುತ್ತದೆ. ತುಂಡು ನೇರವಾಗಿಯೂ ಕೂರಬಹುದು, ತಿರುಗಿಯೂ ಕೂರಬಹುದು. ಮುಂದಿನ ಹಂತದಲ್ಲಿ ಇನ್ನೊಂದು ತುಂಡನ್ನು ಇದರ ತಲೆಯ ಬದಿಗೆ ಸೇರಿಸಬೇಕಿತ್ತು. ಅದಕ್ಕೇ ದಿಕ್ಕು ನನಗೆ ಮುಖ್ಯವಾಗಿತ್ತು.

ಒಂದೇ ಕಿಣ್ವದಲ್ಲಿ ಕತ್ತರಿಸಿದ ವೆಕ್ಟರ್‌ಗೆ ಇನ್ನೊಂದು ತೊಂದರೆ ಇದೆ. ಅದರ ಎರಡು ತುದಿಗಳೂ ಪರಸ್ಪರ ಹೊಂದುತ್ತವೆ. ಲೈಗೇಸ್ ಹಾಕಿದ ಕೂಡಲೇ ಅದು ಯಾವ ತುಂಡನ್ನೂ ಕಾಯದೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಲೈಗೇಸ್ ಎಟಿಪಿ ಬಳಸಿ ಒಂದು ತುದಿಯ ಫಾಸ್ಫೇಟನ್ನು ಪಕ್ಕದ ತುದಿಯ ಹೈಡ್ರಾಕ್ಸಿಲ್‌ಗೆ ಬೆಸೆಯುತ್ತದೆ. ಫಾಸ್ಫೇಟ್ ಇಲ್ಲದಿದ್ದರೆ ಬೆಸುಗೆ ಇಲ್ಲ. ಅದಕ್ಕೇ ಕತ್ತರಿಸಿದ ವೆಕ್ಟರನ್ನು ಮೊದಲು ಫಾಸ್ಫಟೇಸ್ ಕಿಣ್ವದ ಜೊತೆ ಇಟ್ಟು, ಅದರ ತುದಿಯ ಫಾಸ್ಫೇಟ್ ತೆಗೆದೆ. ತುಂಡಿಗೆ ಮಾತ್ರ ಅದು ಉಳಿದಿತ್ತು. ಹೀಗೆ ಮಾಡಿದರೆ ಪ್ರತಿ ಸಂಧಿಯಲ್ಲಿ ಒಂದು ಎಳೆ ಮಾತ್ರ ಬೆಸೆಯುತ್ತದೆ. ಉಳಿದ ಬಿರುಕನ್ನು ಬ್ಯಾಕ್ಟೀರಿಯಾ ಒಳಗೆ ಹೋದ ಮೇಲೆ ಅದೇ ಸರಿಪಡಿಸಿಕೊಳ್ಳುತ್ತದೆ.

ವೆಕ್ಟರ್ 50 ನ್ಯಾನೋಗ್ರಾಂ ತೆಗೆದುಕೊಂಡೆ. ಒಂದು ವೆಕ್ಟರ್ ಅಣುವಿಗೆ ಮೂರು ತುಂಡು ಇರಲಿ ಅಂದುಕೊಂಡೆ. ವೆಕ್ಟರ್ ಉದ್ದ 2686 ಬೇಸ್, ತುಂಡು 87. ಲೆಕ್ಕ ಹೀಗೆ:

```
50 × (87 / 2686) × 3 = 4.9 ng
```

ಐದು ನ್ಯಾನೋಗ್ರಾಂ ಸಾಕು. ಸಣ್ಣ ತುಂಡಿಗೆ ಈ ಲೆಕ್ಕ ಮಾಡದೆ ಸುಮ್ನೆ 50ಕ್ಕೆ 50 ಹಾಕಿದರೆ, ಒಂದು ವೆಕ್ಟರ್‌ಗೆ ಮೂವತ್ತು ತುಂಡು ಹಾಕಿದ ಹಾಗಾಗುತ್ತದೆ. ಆಗ ಒಂದೇ ಜಾಗಕ್ಕೆ ಎರಡು ಮೂರು ತುಂಡುಗಳು ಸಾಲಾಗಿ ಹೋಗಿ ಕೂರುವುದು ಜಾಸ್ತಿ. ರಾತ್ರಿಯಿಡೀ 16 ಡಿಗ್ರಿಯಲ್ಲಿ ಇಟ್ಟು, ಮರುದಿನ ಡಿಎಚ್5 ಆಲ್ಫಾ ಎಂಬ ಬ್ಯಾಕ್ಟೀರಿಯಾ ತಳಿಯ ಕೋಶಗಳಿಗೆ ಹಾಕಿದೆ. ಪಕ್ಕದಲ್ಲಿ ಒಂದು ಕಂಟ್ರೋಲ್ ಇಟ್ಟಿದ್ದೆ. ಅದರಲ್ಲೂ ಅಷ್ಟೇ ವೆಕ್ಟರ್, ಅಷ್ಟೇ ಲೈಗೇಸ್. ತುಂಡು ಮಾತ್ರ ಇಲ್ಲ.

ಇನ್ನು ಬಣ್ಣದ ವಿಷಯ. ಪ್ಲೇಟಿಗೆ ಬೆರೆಸಿದ ಎಕ್ಸ್-ಗ್ಯಾಲ್ ಎಂಬ ಬಣ್ಣವಿಲ್ಲದ ವಸ್ತುವನ್ನು ಬೀಟಾ ಗ್ಯಾಲಕ್ಟೋಸಿಡೇಸ್ ಒಡೆದಾಗ ನೀಲಿ ಬಣ್ಣ ಬರುತ್ತದೆ. ಡಿಎಚ್5 ಆಲ್ಫಾ ಕೋಶದಲ್ಲಿ ಈ ಕಿಣ್ವದ ಮುಂಭಾಗದ ಒಂದು ಚೂರು ಇಲ್ಲ, ಆದ್ದರಿಂದ ಅದು ಕೆಲಸ ಮಾಡುವುದಿಲ್ಲ. ಪಿಯುಸಿ19 ಆ ಮುಂಭಾಗವನ್ನು ಮಾತ್ರ ಮಾಡಿಕೊಡುತ್ತದೆ. ಅದಕ್ಕೆ ಆಲ್ಫಾ ಚೂರು ಎನ್ನುತ್ತಾರೆ. ಎರಡು ಅರ್ಧಗಳು ಬೇರೆ ಬೇರೆಯಾಗಿ ತಯಾರಾಗಿ, ಕೋಶದೊಳಗೆ ಕೂಡಿಕೊಂಡು, ಕಿಣ್ವ ಜೀವ ಪಡೆಯುತ್ತದೆ. ನಾವು ತುಂಡು ತೂರಿಸುವ ಜಾಗ ಇರುವುದು ಈ ಆಲ್ಫಾ ಚೂರಿನ ಜೀನ್ ಒಳಗೇ. ತುಂಡು ಹೊಕ್ಕರೆ ಜೀನ್ ಕೆಡುತ್ತದೆ, ಕಾಲೊನಿ ಬಿಳಿಯಾಗುತ್ತದೆ. ಪಾಠದಲ್ಲಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ನಾನೂ ಇಷ್ಟಕ್ಕೇ ನಿಂತಿದ್ದೆ.

ಬೆಳಿಗ್ಗೆ ಪ್ಲೇಟ್ ನೋಡಿದೆ. ತುಂಡು ಹಾಕಿದ ಪ್ಲೇಟಿನಲ್ಲಿ 65 ಬಿಳಿ, 75 ನೀಲಿ. ಕಂಟ್ರೋಲ್ ಪ್ಲೇಟಿನಲ್ಲಿ ಒಟ್ಟು 12, ಅದರಲ್ಲಿ 11 ನೀಲಿ, ಒಂದು ಬಿಳಿ. ಫಾಸ್ಫಟೇಸ್ ಸರಿಯಾಗಿ ಕೆಲಸ ಮಾಡಿಲ್ಲ ಅನ್ನಿಸಿತು, ಆದರೂ ಬಿಳಿ ಬೇಕಾದಷ್ಟಿತ್ತಲ್ಲ. ಎಂಟು ಆರಿಸಿ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಫಲಿತಾಂಶ ಬಂದಾಗ ಎಂಟೂ ತಿರುಗಿ ಕೂತಿದ್ದವು. ಇನ್ನೂ ಹದಿನಾರು ಬಿಳಿ ಕಾಲೊನಿ ಕಳಿಸೋಣ ಅಂತ ಹೊರಟಿದ್ದೆ.

ನಮ್ಮ ಲ್ಯಾಬಿನ ಹಿರಿಯ ಮೇಡಂ ಹಾಳೆ ನೋಡಿದರು. "ಎರಡು ದಿಕ್ಕಿಗೂ ಸಮಾನ ಅವಕಾಶ ಇದ್ದರೆ, ಎಂಟೂ ಒಂದೇ ಕಡೆ ಬೀಳೋದು 128ರಲ್ಲಿ ಒಂದು ಸಲ. ಅದನ್ನ ಅದೃಷ್ಟ ಅಂತ ಬಿಡಬೇಡ" ಎಂದರು. ಆಮೇಲೆ ಕಂಟ್ರೋಲ್ ಪ್ಲೇಟ್ ತರಿಸಿಕೊಂಡರು. "ಇಲ್ಲಿ ತಾನೇ ಮುಚ್ಚಿಕೊಂಡ ವೆಕ್ಟರ್ ಕೊಟ್ಟಿದ್ದು 11 ನೀಲಿ. ಅಲ್ಲಿ 75 ನೀಲಿ ಇದೆ. ಮಿಕ್ಕ 64 ಎಲ್ಲಿಂದ ಬಂತು?"

ನನ್ನಲ್ಲಿ ಉತ್ತರ ಇರಲಿಲ್ಲ. ಅವರೇ ಇನ್ನೊಂದು ಪ್ರಶ್ನೆ ಕೇಳಿದರು. "87 ಮೂರರಿಂದ ಭಾಗ ಹೋಗುತ್ತಾ?"

ಹೋಗುತ್ತದೆ. 29 ಸಲ, ಶೇಷ ಇಲ್ಲದೆ.

ಅಲ್ಲಿಗೆ ವಿಷಯ ಬಿಚ್ಚಿಕೊಂಡಿತು. ಕೋಶ ಜೀನನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಪಿಯುಸಿ19ರಲ್ಲಿ ಇಕೋ ಆರ್ ಒನ್ ಜಾಗವನ್ನು ಆಲ್ಫಾ ಚೂರಿನ ಲೆಕ್ಕದಲ್ಲಿ ಓದಿದರೆ ಹೀಗಿದೆ:

```
TCG | AAT TCA CTG
```

ಕಿಣ್ವ ಕತ್ತರಿಸುವುದು ಆ ಗೆರೆಯ ಬಳಿ, ಅಂದರೆ ಒಂದು ಮೂರಕ್ಷರ ಮುಗಿದು ಇನ್ನೊಂದು ಶುರುವಾಗುವ ಕಡೆಯೇ. ಅಲ್ಲಿ 87 ಅಕ್ಷರ ತೂರಿಸಿದರೆ ನಡುವೆ 29 ಅಮೈನೋ ಆಮ್ಲ ಹೆಚ್ಚಾಗುತ್ತದೆ. ಆದರೆ ಮುಂದಿನ ಓದು ಮೊದಲಿನಂತೆಯೇ ಸಾಗುತ್ತದೆ. ನಡುವೆ ಓದು ನಿಲ್ಲಿಸುವ ಸ್ಟಾಪ್ ಇಲ್ಲದಿದ್ದರೆ ಆಲ್ಫಾ ಚೂರು ಪೂರ್ತಿ ತಯಾರಾಗುತ್ತದೆ. ಆ ಜಾಗದಲ್ಲಿ ಇಷ್ಟು ಉದ್ದವನ್ನು ಆಲ್ಫಾ ಚೂರು ತಡೆದುಕೊಳ್ಳುತ್ತದೆ. ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಕಿಣ್ವಗಳ ಜಾಗಗಳನ್ನೆಲ್ಲ ಜೋಡಿಸಿಟ್ಟ ಆ ಪಟ್ಟಿಯೂ ಮೂಲ ಜೀನಿನಲ್ಲಿ ಇರಲಿಲ್ಲ, ಅದನ್ನೂ ಹೊರಗಿನಿಂದ ತೂರಿಸಿದ್ದು. ಓದು ತಪ್ಪದ ಹಾಗೆ ತೂರಿಸಿದ್ದರಿಂದಲೇ ಖಾಲಿ ಪಿಯುಸಿ19 ನೀಲಿ ಬಣ್ಣ ಕೊಡುತ್ತದೆ.

ನನ್ನ ತುಂಡನ್ನು ಎರಡು ದಿಕ್ಕಿನಲ್ಲೂ ಬರೆದು ಓದಿದೆ. ನೇರ ದಿಕ್ಕಿನಲ್ಲಿ ಒಂದೂ ಸ್ಟಾಪ್ ಇಲ್ಲ. ತಿರುಗಿಸಿ ಓದಿದರೆ ನಡುವೆ ಒಂದು TAA ಸಿಗುತ್ತದೆ. ಓದು ಅಲ್ಲೇ ನಿಲ್ಲುತ್ತದೆ, ಆಲ್ಫಾ ಚೂರು ಅರ್ಧಕ್ಕೇ ತುಂಡಾಗುತ್ತದೆ. ಅಂದರೆ ನೇರ ಕೂತದ್ದು ನೀಲಿ, ತಿರುಗಿ ಕೂತದ್ದು ಬಿಳಿ. ಬಿಳಿಯನ್ನು ಮಾತ್ರ ಆರಿಸಿದ ನಾನು ತಿರುಗಿದ್ದನ್ನೇ ಹೆಕ್ಕಿದ್ದೆ. ಇನ್ನು ನೂರು ಬಿಳಿ ಕಳಿಸಿದ್ದರೂ ಅದೇ ಬರುತ್ತಿತ್ತು. ಇಲ್ಲಿ ಸ್ಟಾಪ್ TAA ಆಗಿದ್ದಕ್ಕೆ ಬಣ್ಣ ಸ್ಪಷ್ಟವಾಗಿ ಬೇರೆಯಾಯಿತು. ಅದು TAG ಆಗಿದ್ದಿದ್ದರೆ ಡಿಎಚ್5 ಆಲ್ಫಾ ಅದನ್ನು ಆಗಾಗ ದಾಟಿ ಓದುತ್ತದೆ, ಏಕೆಂದರೆ ಆ ತಳಿಯಲ್ಲಿ TAG ಮೇಲೆ ಗ್ಲುಟಮಿನ್ ಕೂರಿಸುವ ಒಂದು ಬದಲಾದ ಟಿಆರ್‌ಎನ್‌ಎ ಇದೆ. ಆಗ ತಿರುಗಿದ್ದೂ ತಿಳಿ ನೀಲಿಯಾಗಿ ಕಾಣಿಸಬಹುದಿತ್ತು.

ಪ್ಲೇಟನ್ನು ಫ್ರಿಜ್‌ನಿಂದ ತೆಗೆದೆ. ತಣ್ಣಗಿನ ಜಾಗದಲ್ಲಿ ಕೆಲವು ಗಂಟೆ ಇಟ್ಟರೆ ನೀಲಿ ಇನ್ನಷ್ಟು ಗಾಢವಾಗುತ್ತದೆ, ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕಂಟ್ರೋಲ್ ಪ್ಲೇಟ್ ಪಕ್ಕಕ್ಕಿಟ್ಟು ನೋಡಿದಾಗ ಗೊತ್ತಾಯಿತು, ನೀಲಿಯಲ್ಲೇ ಎರಡು ಥರ ಇತ್ತು. ಕೆಲವು ಕಂಟ್ರೋಲ್‌ನಷ್ಟೇ ಗಾಢ. ಹೆಚ್ಚಿನವು ತಿಳಿ ನೀಲಿ, ನಡುವೆ ಮಾತ್ರ ಬಣ್ಣ, ಅಂಚು ಬಿಳಿ. ಹೆಚ್ಚುವರಿ 29 ಅಮೈನೋ ಆಮ್ಲ ಹೊತ್ತ ಆಲ್ಫಾ ಚೂರು ಕೆಲಸ ಮಾಡುತ್ತದೆ, ಆದರೆ ಮೊದಲಿನಷ್ಟು ಚೆನ್ನಾಗಿ ಅಲ್ಲ.

ತಿಳಿ ನೀಲಿಯಲ್ಲಿ ಹತ್ತು ಆರಿಸಿ ಕಾಲೊನಿ ಪಿಸಿಆರ್ ಮಾಡಿದೆ. ಎಂ13 ಪ್ರೈಮರ್ ಜೋಡಿ ಹಾಕಿದರೆ ಖಾಲಿ ವೆಕ್ಟರ್‌ನಿಂದ 103 ಬೇಸಿನ ಬ್ಯಾಂಡ್ ಬರಬೇಕು, ತುಂಡು ಇದ್ದರೆ 190. ಎರಡೂ ಚಿಕ್ಕವು, ಅದಕ್ಕೆ 2.5 ಶೇಕಡಾ ಜೆಲ್ ಹಾಕಿ ನಿಧಾನವಾಗಿ ಓಡಿಸಿದೆ. ಒಂಬತ್ತರಲ್ಲಿ 190, ಒಂದರಲ್ಲಿ 103. ನಂತರ ತುಂಡಿನ ಒಳಗಿನ ಪ್ರೈಮರ್ ಒಂದು, ಎಂ13 ಪ್ರೈಮರ್ ಒಂದು ಸೇರಿಸಿ ದಿಕ್ಕು ನೋಡಿದೆ. ಒಂಬತ್ತೂ ನೇರ. ಎರಡನ್ನು ಸೀಕ್ವೆನ್ಸ್ ಮಾಡಿಸಿ ಖಚಿತಪಡಿಸಿಕೊಂಡೆ.

ಕಂಟ್ರೋಲ್ ಪ್ಲೇಟಿನ ಆ ಒಂದು ಬಿಳಿ ಕಾಲೊನಿಯನ್ನೂ ಮೇಡಂ ಬಿಡಲಿಲ್ಲ. ಅಲ್ಲಿ ತುಂಡೇ ಹಾಕಿಲ್ಲ, ಮತ್ತೆ ಬಿಳಿ ಹೇಗೆ? ಪ್ಲಾಸ್ಮಿಡ್ ತೆಗೆದು ಇಕೋ ಆರ್ ಒನ್ ಹಾಕಿದರೆ ಕತ್ತರಿಸಲೇ ಇಲ್ಲ. ಸೀಕ್ವೆನ್ಸ್‌ನಲ್ಲಿ ಸರಿಯಾಗಿ ನಾಲ್ಕು ಅಕ್ಷರ ಕಾಣೆಯಾಗಿತ್ತು, AATT. ಯಾವುದೋ ನ್ಯೂಕ್ಲಿಯೇಸ್ ಬಾಲವನ್ನು ತಿಂದುಹಾಕಿತ್ತು. ಬಾಲ ಹೋದಾಗ ತುದಿಯಲ್ಲಿ ಹೊಸ ಫಾಸ್ಫೇಟ್ ತೆರೆದುಕೊಳ್ಳುತ್ತದೆ, ಆದ್ದರಿಂದ ಫಾಸ್ಫಟೇಸ್ ಮಾಡಿದ ಕೆಲಸ ಅಲ್ಲಿ ವ್ಯರ್ಥ. ಮೊಂಡಾದ ತುದಿಗಳು ಬೆಸೆದುಕೊಂಡವು. ನಾಲ್ಕು ಮೂರರಿಂದ ಭಾಗ ಹೋಗುವುದಿಲ್ಲ, ಓದು ತಪ್ಪಿತು, ಕಾಲೊನಿ ಬಿಳಿಯಾಯಿತು. ತುಂಡು ಇಲ್ಲದ ಬಿಳಿ ಇದು. ಕಂಟ್ರೋಲ್‌ನಲ್ಲಿ ಇಂಥವು ಜಾಸ್ತಿ ಕಂಡರೆ ಕಿಣ್ವವನ್ನೋ ಬಫರನ್ನೋ ಬದಲಾಯಿಸುತ್ತೇನೆ. ತುಂಬ ಹೊತ್ತು ಇಟ್ಟ ಪ್ಲೇಟಿನಲ್ಲಿ ದೊಡ್ಡ ಕಾಲೊನಿಯ ಸುತ್ತ ಏಳುವ ಸೂಜಿಮೊನೆಯಂಥ ಬಿಳಿ ಚುಕ್ಕೆಗಳು ಬೇರೆ ವಿಷಯ. ಅವುಗಳಲ್ಲಿ ಪ್ಲಾಸ್ಮಿಡ್ಡೇ ಇರುವುದಿಲ್ಲ. ಪ್ಲಾಸ್ಮಿಡ್ ಇಲ್ಲದ ಕೋಶಗಳನ್ನು ತಡೆಯಲು ಪ್ಲೇಟಿಗೆ ಹಾಕಿದ ಆಂಪಿಸಿಲಿನ್ ಔಷಧವನ್ನು ಪಕ್ಕದ ಕಾಲೊನಿ ಒಡೆದುಹಾಕಿದ ಜಾಗದಲ್ಲಿ ಅವು ಬೆಳೆದಿರುತ್ತವೆ. 18 ಗಂಟೆಗಿಂತ ಹೆಚ್ಚು ಇಡದಿದ್ದರೆ ಅವು ಅಷ್ಟಾಗಿ ಬರುವುದಿಲ್ಲ.

ನೀಲಿ ಅಂದರೆ ಆಲ್ಫಾ ಚೂರು ಕೆಲಸ ಮಾಡುತ್ತಿದೆ, ಬಿಳಿ ಅಂದರೆ ಮಾಡುತ್ತಿಲ್ಲ. ಪ್ಲೇಟ್ ಹೇಳುವುದು ಇಷ್ಟನ್ನೇ. ತುಂಡು ಇದೆಯೋ ಇಲ್ಲವೋ ಎಂಬುದು ನಾವು ಅದರಿಂದ ಊಹಿಸುವುದು. ಸಾವಿರ ಬೇಸಿನ ತುಂಡಾದರೆ ಊಹೆ ಸಾಮಾನ್ಯವಾಗಿ ಸರಿ, ಅಷ್ಟು ಉದ್ದದಲ್ಲಿ ಎಲ್ಲೋ ಒಂದು ಸ್ಟಾಪ್ ಸಿಕ್ಕೇ ಸಿಗುತ್ತದೆ. ತುಂಡು ಚಿಕ್ಕದಾದಷ್ಟೂ ಈ ಊಹೆ ಸಡಿಲ.

ಮುಂದಿನ ಹಂತಕ್ಕೆ ಆ ತಿಳಿ ನೀಲಿ ಕ್ಲೋನನ್ನೇ ವೆಕ್ಟರ್ ಮಾಡಿಕೊಂಡೆ. ಈ ಸಲ ಹಿಂಡ್ ತ್ರೀ ಮತ್ತು ಪಿಎಸ್‌ಟಿ ಒನ್ ಎಂಬ ಎರಡು ಕಿಣ್ವ ಬಳಸಿದೆ, ಎರಡರ ಬಾಲ ಬೇರೆ ಬೇರೆ, ಆದ್ದರಿಂದ ದಿಕ್ಕು ಮೊದಲೇ ನಿಗದಿ. ಕತ್ತರಿಸುವ ಮೊದಲು ಹೊಸ ತುಂಡನ್ನು ಮೂರು ಮೂರಾಗಿ ಓದಿ ನೋಡಿದೆ. ಹದಿನಾಲ್ಕನೆಯದೇ TGA. ನೋಟ್‌ಬುಕ್‌ನಲ್ಲಿ "ತುಂಡು ಇದ್ದರೆ ಬಿಳಿ, ಖಾಲಿ ಇದ್ದರೆ ತಿಳಿ ನೀಲಿ" ಎಂದು ಬರೆದು, ಆಮೇಲೆ ಪ್ಲೇಟ್ ಹಾಕಿದೆ. ಆರು ಬಿಳಿ ಆರಿಸಿದೆ, ಆರರಲ್ಲೂ ತುಂಡು ಇತ್ತು.