ಶುಭ ಶುಕ್ರವಾರದ ಒಂದು ಹಾಡಿನ ಪತ್ತೆ: ಹದಿಮೂರು ಸ್ವರಗಳಿಂದ ಒಂಬತ್ತನೇ ಚರಣದವರೆಗೆ

ಕೈಯಲ್ಲಿರುವ ಸಾಮಗ್ರಿ ಇಷ್ಟು: ಫೋನಿನಲ್ಲಿ ಹಿಡಿದ ನಲವತ್ತು ಸೆಕೆಂಡಿನ ಧ್ವನಿಮುದ್ರಣ, ದಕ್ಷಿಣ ಕನ್ನಡದ ಒಂದು ಸಿಎಸ್‌ಐ ಚರ್ಚಿನ ಸಭೆ, ಶುಭ ಶುಕ್ರವಾರದಂದು ಶಿಲುಬೆಯ ಏಳು ಮಾತುಗಳ ಆರಾಧನೆ. ಹಾಡಿದ್ದು ಏಳನೇ ಮಾತಿನ ಧ್ಯಾನ ಮುಗಿದ ಮೇಲೆ. ಮುದ್ರಣ ಶುರುವಾಗುವಾಗ ಹಾಡು ಅರ್ಧ ದಾರಿಯಲ್ಲಿದೆ. ಪದಗಳು ಮಸುಕು, ಸ್ಪಷ್ಟವಾಗಿ ಸಿಗುವುದು "ಮರಣ" ಮತ್ತು "ಅಗಲ" ಎಂಬೆರಡು ಮಾತ್ರ.

ಮೊದಲ ಹಂತ: ಸ್ವರ ಬರೆದುಕೊಳ್ಳುವುದು

ಸಭೆ ಒಟ್ಟಾಗಿ ಹಾಡುವಾಗ ಲಯವನ್ನು ನಂಬುವಂತಿಲ್ಲ. ಪ್ರತಿ ಸಾಲಿನ ಕೊನೆಯ ಸ್ವರವನ್ನು ಜನ ಎಳೆಯುತ್ತಾರೆ, ಕೀಬೋರ್ಡ್ ಕಾಯುತ್ತದೆ, ಮುಂದಿನ ಸಾಲು ತಡವಾಗಿ ಏಳುತ್ತದೆ. ಹಾಗಾಗಿ ಮಾತ್ರೆಗಳನ್ನು ಬಿಟ್ಟು ಸ್ವರದ ಏರಿಳಿತವನ್ನಷ್ಟೇ ಬರೆದುಕೊಂಡೆವು. ಎರಡು ಸಾಲು ಹೀಗಿವೆ:

ಗ ದ ಪ ಮ ಗ ರಿ ಗ
ನಿ ಸ ಸ ನಿ ನಿ ದ

ಎರಡನೇ ಸಾಲಿನ ಸ ತಾರಸ್ಥಾಯಿಯದು. ಮೂರನೆಯ ಮತ್ತು ನಾಲ್ಕನೆಯ ಸಾಲಿಗೆ ಇದೇ ಎರಡು ಸಾಲಿನ ಸ್ವರಗಳು ಮತ್ತೊಮ್ಮೆ ಬರುತ್ತವೆ. ಇದು ಬಹಳ ಉಪಕಾರಿ: ಮೊದಲ ಸುತ್ತಿನಲ್ಲಿ ಕೆಮ್ಮು ಅಥವಾ ಕುರ್ಚಿಯ ಸದ್ದಿನಲ್ಲಿ ತಪ್ಪಿದ ಸ್ವರ ಎರಡನೇ ಸುತ್ತಿನಲ್ಲಿ ಸಿಗುತ್ತದೆ.

ಎಣಿಸಬೇಕಾದದ್ದು ಸ್ವರಗಳನ್ನೇ, ಅಕ್ಷರಗಳನ್ನಲ್ಲ. ಅನುವಾದದ ಹಾಡುಗಳಲ್ಲಿ ಒಂದೇ ಅಕ್ಷರವನ್ನು ಎರಡು ಸ್ವರಕ್ಕೆ ಹಿಗ್ಗಿಸುವುದೂ ಎರಡು ಅಕ್ಷರವನ್ನು ಒಂದೇ ಸ್ವರಕ್ಕೆ ಒತ್ತುವುದೂ ಇದ್ದದ್ದೇ. ಇಲ್ಲಿ ಸಾಲುಗಳು 7, 6, 7, 6. ಉಳಿದ ಅರ್ಧಕ್ಕೂ ಅದೇ ಅಳತೆ. ಪಾಶ್ಚಾತ್ಯ ಗೀತೆ ಪುಸ್ತಕಗಳಲ್ಲಿ ಇದನ್ನು `7.6.7.6 D` ಎಂದು ಬರೆಯುತ್ತಾರೆ. ಈ ಅಳತೆಗೆ ಹತ್ತಾರು ಧಾಟಿಗಳಿವೆ. ತುಂಬ ಕೇಳಿಬರುವ ಔರೇಲಿಯಾ ಕೂಡ ಇದೇ ಅಳತೆಯದು, ಆದರೆ ಅದು ಒಂದೇ ಸ್ವರವನ್ನು ಮೂರು ಸಲ ಹೇಳಿ ಶುರುವಾಗುತ್ತದೆ. ನಮ್ಮದು ಗ-ಯಿಂದ ದ-ಗೆ ನೆಗೆಯುತ್ತದೆ. ಅಲ್ಲಿಗೆ ಔರೇಲಿಯಾ ಬಿತ್ತು.

ಎರಡನೇ ಹಂತ: ಹುಡುಕಾಟ, ಮತ್ತು ಮೊದಲ ಸಲ ಏನೂ ಸಿಗದಿದ್ದ ಕಾರಣ

Hymnary.org ನಲ್ಲಿ ಧಾಟಿಯ ಆರಂಭವನ್ನು ಅಂಕಿಗಳಲ್ಲಿ ಕೊಟ್ಟಿರುತ್ತಾರೆ: ಸ ಎಂದರೆ 1, ರಿ ಎಂದರೆ 2, ಹೀಗೆ ನಿ 7. ಹಾಡು ಯಾವ ಶ್ರುತಿಯಲ್ಲಿದ್ದರೂ ಅಂಕಿ ಬದಲಾಗುವುದಿಲ್ಲ. ಬದಲಾಗುವುದು ಷಡ್ಜ ಎಲ್ಲಿ ಎಂಬ ನಮ್ಮ ತೀರ್ಮಾನದಿಂದ, ಮತ್ತು ಈ ಧಾಟಿ ಕೈಕೊಡುವುದು ಅಲ್ಲಿಯೇ. ಎರಡನೇ ಸಾಲು ದ-ದಲ್ಲಿ ನೆಲೆ ನಿಲ್ಲುವುದರಿಂದ ಕಿವಿ ಅದನ್ನೇ ಷಡ್ಜವೆಂದು ಹಿಡಿಯುತ್ತದೆ. ಆಗ ಇಡೀ ಸಾಲು "ಪ ಸ ನಿ ದ ಪ ಮ ಪ" ಎಂದು ಕೇಳಿಸುತ್ತದೆ. ಎರಡೂ ಓದಿನ ಅಂಕಿಗಳು:

```
3654323711776
5176545233221
```

ಒಂದನ್ನೇ ಹಾಕಿ ನೋಡಿ ಕೈಬಿಟ್ಟವರು ಹಾಡನ್ನು ಕಳೆದುಕೊಳ್ಳುತ್ತಾರೆ. ಸಾಲಿನ ಮೊದಲ ಸ್ವರ ಎತ್ತುಗಡೆಯದಾದ್ದರಿಂದ ಮುದ್ರಣದಲ್ಲಿ ಅದು ಬಿದ್ದುಹೋಗಿರುವುದೂ ಸಾಮಾನ್ಯ. ಆಗ ಮೊದಲ ಅಂಕಿ ತೆಗೆದು ಮತ್ತೆ ಹುಡುಕಬೇಕು. ಷಡ್ಜದ ಗೊಂದಲವೇ ಬೇಡವೆಂದರೆ ಡೆನಿಸ್ ಪಾರ್ಸನ್ಸ್ 1975ರ ತಮ್ಮ ಸೂಚಿಯಲ್ಲಿ ಬಳಸಿದ ಕ್ರಮವಿದೆ. ಸ್ವರ ಏರಿದರೆ U, ಇಳಿದರೆ D, ಅಲ್ಲೇ ನಿಂತರೆ R, ಮೊದಲ ಸ್ವರಕ್ಕೆ ನಕ್ಷತ್ರ:

```
*UDDDDUUURDRD
```

ಷಡ್ಜವನ್ನು ಎಲ್ಲಿಟ್ಟರೂ ಈ ಸಾಲು ಒಂದೇ. ಧಾಟಿ ಹುಡುಕುವ ಜಾಲತಾಣ Musipedia ಇದನ್ನು ಒಪ್ಪಿಕೊಳ್ಳುತ್ತದೆ. ಹನ್ನೆರಡು ಹೆಜ್ಜೆ ಇದ್ದರೆ ಸಾಕು. ಮೊದಲ ಸಾಲಿನ ಆರು ಹೆಜ್ಜೆ ಮಾತ್ರ ಕೊಟ್ಟರೆ ಸಂಬಂಧವಿಲ್ಲದ ರಾಶಿ ಧಾಟಿಗಳು ಬರುತ್ತವೆ.

ಇನ್ನೊಂದು ಎಚ್ಚರ. ಫೋನು ಆಲ್ಟೊ ಹಾಡುವವರ ಪಕ್ಕದಲ್ಲಿದ್ದರೆ ನಾವು ಬರೆದುಕೊಳ್ಳುವುದು ಧಾಟಿಯನ್ನಲ್ಲ, ಅದರ ಕೆಳಗಿನ ಪಂಕ್ತಿಯನ್ನು. ಆಲ್ಟೊ ಪಂಕ್ತಿ ಹೆಚ್ಚಾಗಿ ಎರಡು ಮೂರು ಸ್ವರಗಳ ನಡುವೆಯೇ ಸುಳಿದಾಡುತ್ತದೆ, ದೊಡ್ಡ ನೆಗೆತ ಕಡಿಮೆ. ಇಲ್ಲಿ ಗ-ದ ನೆಗೆತವೂ, ಎರಡು ಸಾಲುಗಳ ನಡುವೆ ಗ-ಯಿಂದ ನಿ-ಗೆ ಇನ್ನೂ ದೊಡ್ಡ ನೆಗೆತವೂ ಇರುವುದರಿಂದ ಇದು ಮೇಲಿನ ಪಂಕ್ತಿಯೇ ಎಂದು ಮುಂದುವರಿದೆವು.

ಧಾಟಿ ಸಿಕ್ಕಿತು

ಹ್ಯಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತೆಯ ರಾಗ ಇದು. ಬಳಿಕ ಜರ್ಮನ್ ಸಭೆಗಳು ಅದನ್ನು ಭಕ್ತಿಗೀತೆಗೆ ತೆಗೆದುಕೊಂಡವು. ಜರ್ಮನ್ ಧಾಟಿಗಳನ್ನು ಅಳತೆಯ ಪ್ರಕಾರ ಜೋಡಿಸಿದ ಯೋಹಾನೆಸ್ ತ್ಸಾನ್ ಅವರ ಸೂಚಿಯಲ್ಲಿ ಇದರ ಸಂಖ್ಯೆ 5385a. ಇಂಗ್ಲಿಷ್ ಪುಸ್ತಕಗಳಲ್ಲಿ ಹೆಸರು ಪ್ಯಾಶನ್ ಕೋರಾಲ್. ಖಚಿತಪಡಿಸಿಕೊಳ್ಳಲು ಇಡೀ ಹಾಡಿನ ಕಟ್ಟಕಡೆಯ ಸ್ವರವನ್ನು ನೋಡಿದೆವು: ಮುದ್ರಣದಲ್ಲಿ ಅದು ಗ, ಪುಸ್ತಕದಲ್ಲೂ ಗ. ಷಡ್ಜದಲ್ಲಿ ಮುಗಿಯದೆ ಗ-ದಲ್ಲಿ ತೂಗುವ ಧಾಟಿಗಳು ಕಡಿಮೆ. ಹದಿಮೂರು ಸ್ವರಗಳ ಜೊತೆ ಇದೂ ಕೂಡಿದಾಗ ಸಂದೇಹ ಉಳಿಯುವುದಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಸಭೆಯಲ್ಲಿ ಕೋರಾಲ್, ಅಂದರೆ ಜರ್ಮನ್ ಸಭೆಗಳು ಒಟ್ಟಾಗಿ ಹಾಡುವ ಗೀತೆ, ಕೇಳಿಬಂದದ್ದು ಸಹಜವೇ. ಇಂಥ ಸಭೆಯ ಮುದ್ರಣವನ್ನು ಇಂಗ್ಲಿಷ್ ಸೂಚಿಗಳಲ್ಲಿ ಮಾತ್ರ ಹುಡುಕುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಧಾಟಿ ಹಾಡಲ್ಲ

ಇಲ್ಲಿಗೆ ಕೆಲಸ ಮುಗಿಯಿತೆಂದು ಬಹಳ ಜನ ನಿಲ್ಲಿಸುತ್ತಾರೆ. ಆದರೆ ಈ ಒಂದೇ ಧಾಟಿಗೆ ಒಂದಕ್ಕಿಂತ ಹೆಚ್ಚು ಪಠ್ಯಗಳಿವೆ. ಕ್ರಿಸ್ಟೋಫ್ ಕ್ನೋಲ್ ಬರೆದ ಮರಣಕಾಲದ ಗೀತೆ ಇದಕ್ಕೆ ಹೊಂದುತ್ತದೆ. ಪೌಲ್ ಗೆರ್ಹಾರ್ಟ್ 1656ರಲ್ಲಿ ಪ್ರಕಟಿಸಿದ, ಮುಳ್ಳಿನ ಕಿರೀಟ ಹೊತ್ತ ತಲೆಯನ್ನು ಕುರಿತ ಗೀತೆಯೂ ಇದಕ್ಕೇ. ಅದೇ ಗೆರ್ಹಾರ್ಟರ ಆಗಮನ ಕಾಲದ ಗೀತೆಯನ್ನು ಜರ್ಮನ್ ಸಂಗೀತಕಾರ ಬಾಖ್ 1734ರ ಕ್ರಿಸ್ಮಸ್ ಒರಟೋರಿಯೊದಲ್ಲಿ ಇದೇ ರಾಗದಲ್ಲಿ ಹಾಡಿಸಿದ್ದಾರೆ. ಅಂದರೆ ಸ್ವರಗಳು ಒಂದೇ ಆಗಿದ್ದು, ಡಿಸೆಂಬರಿನಲ್ಲಿ ಒಂದು ಹಾಡು, ಶವಸಂಸ್ಕಾರದಲ್ಲಿ ಇನ್ನೊಂದು, ಶುಭ ಶುಕ್ರವಾರ ಮತ್ತೊಂದು ಆಗಬಹುದು. ಯಾವುದೆಂದು ಹೇಳುವುದು ಆರಾಧನೆಯೇ.

ದಿನದಿಂದ ಆಗಮನ ಕಾಲದ ಗೀತೆ ಹೊರಬಿತ್ತು. ಆರಾಧನೆಯೊಳಗಿನ ಸ್ಥಾನ ಇನ್ನೂ ಹೆಚ್ಚು ಹೇಳುತ್ತದೆ. ಏಳನೇ ಮಾತು "ತಂದೆಯೇ, ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ" ಎಂಬುದು. ಅದರ ನಂತರ ಯೇಸುವಿನ ಪ್ರಾಣ ಹೋಗುತ್ತದೆ. ಗೆರ್ಹಾರ್ಟರ ಗೀತೆಯಲ್ಲಿ ಹತ್ತು ಚರಣ. ಅದರ ಒಂಬತ್ತನೆಯದು, ನಾನು ಈ ಲೋಕವನ್ನು ಅಗಲುವಾಗ ನೀನು ನನ್ನನ್ನು ಅಗಲಬೇಡ ಎಂಬ ಬೇಡಿಕೆ. ಬಾಖ್ ಯೇಸುವಿನ ಶ್ರಮೆಯನ್ನು ಹಾಡಾಗಿಸಿದ ಮತ್ತಾಯನ ಪ್ಯಾಶನ್‌ನಲ್ಲಿ ಯೇಸುವಿನ ಮರಣದ ಬೆನ್ನಿಗೇ ಇಟ್ಟದ್ದು ಇದೇ ಚರಣವನ್ನು. ಮುದ್ರಣದಲ್ಲಿ ಉಳಿದ "ಮರಣ", "ಅಗಲ" ಎಂಬ ಪದಗಳು ಇದಕ್ಕೆ ತಾಳೆಯಾಗುತ್ತವೆ. ಕ್ನೋಲ್ ಗೀತೆಯ ವಿಷಯವೂ ಮರಣವೇ ಆದ್ದರಿಂದ ಪದಗಳಷ್ಟರಿಂದಲೇ ಅದನ್ನು ತಳ್ಳಿಹಾಕಲಾಗದು. ತಳ್ಳಿದ್ದು ದಿನ ಮತ್ತು ಸ್ಥಾನ.

ಕೇಳಿಸಿದ ಪದಗಳನ್ನು ಹಿಡಿದು ಕನ್ನಡ ಗೀತೆ ಪುಸ್ತಕದ ಅಕಾರಾದಿ ಸೂಚಿಯಲ್ಲಿ ಹುಡುಕಿದಾಗ ಅದು ಕೈಕೊಟ್ಟದ್ದೇಕೆ ಎಂಬುದೂ ಇದರಿಂದ ತಿಳಿಯಿತು. ಗೀತೆ ಪುಸ್ತಕದ ಸೂಚಿಯಲ್ಲಿರುವುದು ಮೊದಲ ಚರಣದ ಮೊದಲ ಸಾಲು. ನಾವು ಹುಡುಕುತ್ತಿದ್ದದ್ದು ಒಂಬತ್ತನೆಯದರ ಸಾಲು. ಸೂಚಿಯಲ್ಲಿ ನೋಡಬೇಕಾದದ್ದು ತಲೆ, ಗಾಯ, ಮುಳ್ಳು ಇವುಗಳ ಸುತ್ತ ಶುರುವಾಗುವ ಸಾಲನ್ನು, ಯೇಸುವಿನ ಶ್ರಮೆಯ ವಿಭಾಗದಲ್ಲಿ.

ಈಗಿನ ಸ್ಥಿತಿ

ಧಾಟಿ ಖಚಿತ. ಮೂಲ ಪಠ್ಯ ಮತ್ತು ಚರಣ ಬಹುಮಟ್ಟಿಗೆ ಖಚಿತ. ಉಳಿದದ್ದು ಕನ್ನಡ ಪುಸ್ತಕದ ಗೀತೆ ಸಂಖ್ಯೆ. ಅದಕ್ಕೆ ಆ ದಿನದ ವಿಡಿಯೊದಲ್ಲಿ ಗೋಡೆಯ ಸಂಖ್ಯಾಫಲಕ ಕಾಣುವ ಚೌಕಟ್ಟನ್ನು ಹುಡುಕುತ್ತಿದ್ದೇವೆ. ಫಲಕದಲ್ಲಿ ಸಂಖ್ಯೆಗಳು ಹಾಡುವ ಕ್ರಮದಲ್ಲೇ ಇರುವುದರಿಂದ ಏಳನೇ ಮಾತಿನ ನಂತರದ್ದನ್ನು ಎಣಿಸಿ ತೆಗೆಯಬಹುದು. ಆವೃತ್ತಿ ಬದಲಾದರೆ ಸಂಖ್ಯೆಯೂ ಬದಲಾಗಬಹುದಾದ್ದರಿಂದ, ಸಭೆಯವರ ಕೈಯಲ್ಲಿದ್ದ ಪುಸ್ತಕದ ಮುದ್ರಣ ವರ್ಷವನ್ನು ಸಭಾಪಾಲಕರಿಂದ ಕೇಳಿ ಪಡೆದ ಮೇಲೆಯೇ ಪುಟ ತೆರೆಯುವುದು.