ಆರೂವರೆಯ ಬೆಳಕಿನಲ್ಲಿ ಒಂದು ಚಾರ್ಜಿಂಗ್ ಗನ್

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಪರಿಚಯದ ಹೋಟೆಲಿನವರೊಬ್ಬರು ಎಲೆಕ್ಟ್ರಿಕ್ ಕಾರುಗಳನ್ನು ಬೇಗ ಚಾರ್ಜ್ ಮಾಡುವ ಡಿಸಿ ಚಾರ್ಜರ್ ಹಾಕಿಸಿದಾಗ, ಅದರ ಬೋರ್ಡು ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಊರಿನ ಮದುವೆ, ಉಪನಯನಗಳ ಫೋಟೋ ತೆಗೆಯುವವನಿಗೆ ಇದೇನು ಮಹಾ ಎಂದುಕೊಂಡು, ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಟ್ಟು ಚಾರ್ಜಿಂಗ್ ಗನ್ನಿನ, ಅಂದರೆ ಕೇಬಲ್ಲಿನ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಹಿಡಿಯ, ಒಂದು ಚೆಂದದ ಚಿತ್ರ ಕೊಂಡು, ಮೇಲೆ ಕನ್ನಡದ ಅಕ್ಷರ ಕೂರಿಸಿ, ಎಂಟಡಿ ಅಗಲದ ಫ್ಲೆಕ್ಸ್ ಮಾಡಿಸಿ ಕೊಟ್ಟೆ. ನಾಲ್ಕು ದಿನ ಕಳೆದಿರಲಿಲ್ಲ, ಚಾರ್ಜಿಗೆ ಗಾಡಿ ನಿಲ್ಲಿಸಿದ ಟ್ಯಾಕ್ಸಿಯವರೊಬ್ಬರು ಚಹಾ ಕುಡಿಯುತ್ತ ಬೋರ್ಡನ್ನು ನೋಡಿ, "ಈ ಗನ್ನು ನಮ್ಮ ಗಾಡಿಗೆ ಕೂರೂದೇ ಇಲ್ಲ ಮಾರಾಯ್ರೆ" ಎಂದರಂತೆ. ಮಾಲೀಕರು ನನಗೆ ಫೋನ್ ಮಾಡಿದರು.

ಹೋಗಿ ನೋಡಿದರೆ ಟ್ಯಾಕ್ಸಿಯವರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ನಮ್ಮಲ್ಲಿ ಕಾರಿನ ಡಿಸಿ ಚಾರ್ಜಿಂಗಿಗೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಸಿಸಿಎಸ್ 2 ಎಂಬ ಗನ್ನು. ನನ್ನ ಚಿತ್ರದಲ್ಲಿದ್ದದ್ದು ಅಮೆರಿಕದ ಕಡೆಯ ಸಿಸಿಎಸ್ 1. ದೂರದಿಂದ ಎರಡೂ ಒಂದೇ ಜಾತಿಯ ಕಪ್ಪು ಹಿಡಿಗಳ ಹಾಗೆ ಕಾಣುತ್ತವೆ, ಆದರೆ ಸಿಸಿಎಸ್ 1 ಗನ್ನಿನ ತಲೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಬಿಡಿಸುವ ಒಂದು ಕೊಕ್ಕೆ ಇರುತ್ತದೆ. ಸಿಸಿಎಸ್ 2ರಲ್ಲಿ ಆ ಕೊಕ್ಕೆ ಇಲ್ಲ, ಏಕೆಂದರೆ ಅಲ್ಲಿ ಗನ್ನನ್ನು ಹಿಡಿದಿಡುವ ಬೀಗದ ಕಡ್ಡಿ ಕಾರಿನ ಸಾಕೆಟ್ಟಿನೊಳಗಿಂದಲೇ ಹೊರಬರುತ್ತದೆ. ಕೊಕ್ಕೆಯನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಡೋಣ ಎಂಬ ಆಲೋಚನೆ ಒಂದು ಗಳಿಗೆ ಬಂದದ್ದು ಸುಳ್ಳಲ್ಲ. ಆದರೆ ಅದೇ ಚಿತ್ರದಲ್ಲಿ ಕಾರಿನ ಸ್ಟೇರಿಂಗ್ ಕೂಡ ಎಡಕ್ಕಿತ್ತು. ಅದನ್ನು ಇಷ್ಟು ದಿನ ನಾನಾಗಲಿ ಮಾಲೀಕರಾಗಲಿ ನೋಡಿಯೇ ಇರಲಿಲ್ಲ. ನಮ್ಮದೇ ಚಾರ್ಜರಿನ ಫೋಟೋವನ್ನು ಸಂಜೆಯ ಬೆಳಕಿನಲ್ಲಿ ತೆಗೆದುಕೊಡುತ್ತೇನೆಂದು ಒಪ್ಪಿಕೊಂಡೆ, ಕಾರಿಗೆ ಆ ಟ್ಯಾಕ್ಸಿಯವರನ್ನೇ ಕೇಳಿಕೊಂಡೆವು.

ಜನವರಿಯ ಮೊದಲ ವಾರ. ಆಗ ನಮ್ಮ ಕಡೆ ಸೂರ್ಯ ಮುಳುಗುವುದು ಸುಮಾರು 6.15ಕ್ಕೆ, ಅದಾಗಿ ಇಪ್ಪತ್ತೈದು ನಿಮಿಷದೊಳಗೆ ಆಕಾಶದ ಬೆಳಕು ಬಹುಪಾಲು ಹೋಗಿಬಿಡುತ್ತದೆ. ಈ ನಡುವೆ, 6.25ರಿಂದ 6.35ರವರೆಗೆ, ಕಡಲ ಮೇಲಿನ ಆಕಾಶದ ಬೆಳಕೂ ಚಾರ್ಜರಿನ ಮೇಲಿನ ಶೀಟಿನ ಕೆಳಗೆ ಉರಿಯುವ ಎಲ್‌ಇಡಿಯ ಬೆಳಕೂ ಹೆಚ್ಚುಕಡಿಮೆ ಸಮವಾಗಿರುತ್ತವೆ. ಅದಕ್ಕಿಂತ ಮೊದಲು ತೆಗೆದರೆ ದೀಪ ಹಚ್ಚಿದ್ದೇ ಗೊತ್ತಾಗುವುದಿಲ್ಲ, ಆಮೇಲೆ ತೆಗೆದರೆ ಶೀಟು, ಚಾರ್ಜರ್, ಕಾರು ಮೂರನ್ನೂ ಕರಿಯ ಕಾಗದದ ಮೇಲೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಇರುವುದು ಹತ್ತೇ ನಿಮಿಷ ಎಂದು ಗೊತ್ತಿದ್ದೂ ಮೊದಲ ದಿನ ಎರಡು ತಪ್ಪು ಮಾಡಿದೆ.

ಮೊದಲನೆಯದು, ಕ್ಯಾಮೆರಾವನ್ನು ಎಸಿ ಹಾಕಿದ ಕಾರಿನಲ್ಲೇ ಇಟ್ಟುಕೊಂಡು ಬಂದದ್ದು. ಕರಾವಳಿಯ ಒದ್ದೆ ಗಾಳಿಗೆ ತೆಗೆದ ಕೂಡಲೇ ತಣ್ಣಗಿದ್ದ ಲೆನ್ಸಿನ ಮೇಲೆ ಬೆವರು ಕೂತಿತು. ಒರೆಸಿದಷ್ಟೂ ಮತ್ತೆ ಕೂರುತ್ತದೆ, ಗಾಜು ಹೊರಗಿನ ಬಿಸಿಗೆ ಬರುವವರೆಗೆ ಕಾಯುವುದೊಂದೇ ಉಪಾಯ. ಎರಡನೆಯದು, ಟ್ಯಾಕ್ಸಿಯ ಬ್ಯಾಟರಿ ಎಷ್ಟಿದೆ ಎಂದು ಕೇಳದೆ ಹೋದದ್ದು. ಅವರು ಬರುವಾಗಲೇ 92 ಇತ್ತು. ಆ ಚಾರ್ಜರಿನ ಮೈಮೇಲಿನ ಪಟ್ಟಿ ದೀಪ ಸುಮ್ಮನಿರುವಾಗ ಹಸಿರು, ಚಾರ್ಜ್ ಆಗುವಾಗ ನೀಲಿ. ಲೆನ್ಸು ತಿಳಿಯಾಗಿ, ಆಕಾಶ ಹದಕ್ಕೆ ಬಂದು, ನಾನು ಟ್ರೈಪಾಡ್ ಬಿಗಿ ಮಾಡುವಷ್ಟರಲ್ಲಿ ಚಾರ್ಜ್ ಮುಗಿದು ನೀಲಿ ಹೋಗಿ ಹಸಿರಾಯಿತು. ಗನ್ನು ಸಿಕ್ಕಿಸಿಯೂ ದೀಪ ಹಸಿರಿದ್ದರೆ, ತಿಳಿದವರ ಕಣ್ಣಿಗೆ ಅದು ಕೆಲಸ ಮಾಡದ ಚಾರ್ಜರಿನ ಫೋಟೋ.

ಮರುದಿನ ಅವರು 40ಕ್ಕೆ ಇಳಿಸಿಕೊಂಡು ಬಂದರು, ನಾನು ಕ್ಯಾಮೆರಾವನ್ನು ಸಂಜೆ ಐದಕ್ಕೇ ತಂದು ಹೋಟೆಲಿನ ಜಗಲಿಯಲ್ಲಿಟ್ಟಿದ್ದೆ. ಬೆಳಕಿರುವಾಗಲೇ ಕೇಬಲ್ಲಿನ ಕೆಲಸಕ್ಕೆ ಕೈ ಹಾಕಿದೆವು, ನಿಜ ಹೇಳಬೇಕೆಂದರೆ ಇಡೀ ಫೋಟೋದಲ್ಲಿ ಕಷ್ಟದ್ದು ಅದೇ. ಡಿಸಿ ಕೇಬಲ್ಲು ಹೆಬ್ಬೆರಳಿಗಿಂತ ದಪ್ಪ, ಹೇಳಿದಂತೆ ಬಗ್ಗುವುದಿಲ್ಲ. ದಿನವೂ ಬಂದವರು ಒಂದೇ ಕಡೆಗೆ ತಿರುಚಿ ಸಿಕ್ಕಿಸಿ ಹೋಗಿದ್ದರಿಂದ ಅದರಲ್ಲಿ ಒಂದೂವರೆ ಸುತ್ತಿನ ತಿರುಚು ನಿಂತುಹೋಗಿತ್ತು, ಹಾಗಾಗಿ ನೆಲದ ಮೇಲೆ ಎಲ್ಲಿ ಬಿಟ್ಟರೂ ಹಾವಿನಂತೆ ಎದ್ದು ನಿಲ್ಲುತ್ತಿತ್ತು. ಗನ್ನನ್ನು ಗೂಡಿನಿಂದ ತೆಗೆದು, ಕೇಬಲ್ಲನ್ನು ಪೂರ್ತಿ ಉದ್ದಕ್ಕೆ ಬಿಡಿಸಿ, ಗನ್ನಿನ ತುದಿಯನ್ನೇ ಎದುರು ದಿಕ್ಕಿಗೆ ತಿರುಗಿಸುತ್ತ ಬಂದಾಗ ಅದು ಸಡಿಲವಾಯಿತು. ಹೋಟೆಲಿನ ಹುಡುಗ ಒದ್ದೆ ಬಟ್ಟೆಯಲ್ಲಿ ಕೆಂಪು ಧೂಳನ್ನು ಒರೆಸಿದ.

ಮೊದಲು ಕಾರನ್ನು ಚಾರ್ಜರಿಗೆ ತೀರ ಹತ್ತಿರ ನಿಲ್ಲಿಸಿದ್ದೆವು, ಉಳಿದ ಕೇಬಲ್ಲು ಹಿಂದಿನ ಚಕ್ರದ ಮುಂದೆ ಎರಡು ಸುತ್ತು ಬಿದ್ದುಕೊಂಡಿತ್ತು. ದೂರ ಸರಿಸಿದರೆ ಬಿಗಿಯಾಗಿ ಎಳೆದುಕೊಂಡು, ಅದರ ಭಾರಕ್ಕೆ ಗನ್ನಿನ ಹಿಡಿ ಜಗ್ಗಿ ಸಾಕೆಟ್ಟಿನ ಮೇಲ್ಗಡೆ ಬೆರಳುಗುರಿನಷ್ಟು ಸಂದು ಕಂಡಿತು. ಮೂರನೆಯ ಸಲ, ಅಂದಾಜು ಮುಕ್ಕಾಲು ಮೀಟರಿನ ವ್ಯತ್ಯಾಸದಲ್ಲಿ, ಕೇಬಲ್ಲು ಚಾರ್ಜರಿನಿಂದ ಇಳಿದು, ತೊಟ್ಟಿಲಿನ ಹಗ್ಗದಂತೆ ಒಂದೇ ಬಾಗಿನಲ್ಲಿ ನೆಲಕ್ಕೆ ತಾಗುವಂತೆ ತಾಗಿ, ಕಾರಿನ ಸಾಕೆಟ್ಟಿಗೆ ಏರಿತು. ಜನ ಓಡಾಡುವ ದಾರಿಗೂ ಅಡ್ಡ ಬರಲಿಲ್ಲ. ಹೆಚ್ಚಾದ ಕೇಬಲ್ಲನ್ನು ಆಮೇಲೆ ಅಳಿಸುವವರಿದ್ದಾರೆ. ಹಾಗೆ ಅಳಿಸಿದಾಗ ಬಾಗು ಎಲ್ಲೋ ಒಂದು ಕಡೆ ಕೇಬಲ್ಲಿಗೆ ಸಾಧ್ಯವಿಲ್ಲದಷ್ಟು ಚೂಪಾಗುತ್ತದೆ, ಅದು ಕಣ್ಣಿಗೆ ಚುಚ್ಚುತ್ತದೆ.

6.20ಕ್ಕೆ ಚಾರ್ಜ್ ಶುರು ಮಾಡಿದೆವು. ಶೀಟಿನ ಕೆಳಗಿನ ದೀಪಗಳಲ್ಲಿ ಒಂದು ಮಾತ್ರ ಹಳದಿ ಛಾಯೆಯದಿತ್ತು, ಉಳಿದವು ಅಚ್ಚ ಬಿಳಿ. ಹಳದಿಯದನ್ನು ಆರಿಸಿದೆವು, ಇಲ್ಲದಿದ್ದರೆ ಬಿಳಿಯ ಕಾರಿನ ಬಾಗಿಲಿನ ಮೇಲೆ ಎರಡು ಬಣ್ಣದ ತೇಪೆ ಬೀಳುತ್ತಿತ್ತು. ಕ್ಯಾಮೆರಾ ಐಎಸ್‌ಒ 100, ಎಫ್ 8, ಅರ್ಧ ಸೆಕೆಂಡು. ಇಷ್ಟು ಹೊತ್ತು ತೆರೆದಿಟ್ಟರೆ ಎಲ್‌ಇಡಿಯ ಮಿಣುಕು ಪಟ್ಟೆಪಟ್ಟೆಯಾಗಿ ಮೂಡುವ ಹೆದರಿಕೆ ಇಲ್ಲ, ಆದರೆ ಚಾರ್ಜರಿನ ಪರದೆ ಮಾತ್ರ ಬರಿ ಬಿಳಿಯ ಚೌಕವಾಗಿಬಿಡುತ್ತದೆ. ಅದಕ್ಕಾಗಿ ಟ್ರೈಪಾಡ್ ಅಲುಗಿಸದೆ ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಇನ್ನೊಂದು ಫೋಟೋ ತೆಗೆದು, ಅದರ ಪರದೆಯನ್ನಷ್ಟೇ ಮೊದಲನೆಯದಕ್ಕೆ ಕೂರಿಸಿದೆ. ಲಾರಿಗಳು ಹಾದುಹೋಗುವಾಗ ಹೆಡ್‌ಲೈಟು ಚಾರ್ಜರಿನ ಹೊಳಪಿನ ಬಾಗಿಲಿಗೆ ಬಡಿಯುತ್ತಿದ್ದುದರಿಂದ ಎರಡು ಲಾರಿಗಳ ನಡುವಿನ ಖಾಲಿ ಗಳಿಗೆಯನ್ನು ಹುಡುಗ ಕೂಗಿ ಹೇಳುತ್ತಿದ್ದ.

ಗನ್ನು ಕಾರಿನೊಳಗೆ ಹೋದ ಮೇಲೆ ಅದರ ಮುಖ ಕಾಣುವುದಿಲ್ಲ, ಈ ಗಲಾಟೆಯೆಲ್ಲ ಎದ್ದದ್ದೇ ಆ ಮುಖದಿಂದ. ಆದ್ದರಿಂದ ಆಕಾಶದ ಕೆಲಸ ಮುಗಿದ ಮೇಲೆ ಚಾರ್ಜ್ ನಿಲ್ಲಿಸಿ, ಕಾರಿನ ಲಾಕ್ ತೆಗೆದು, ಟ್ಯಾಕ್ಸಿಯವರ ಕೈಯಲ್ಲೇ ಗನ್ನು ಹಿಡಿಸಿ ಹತ್ತಿರದಿಂದ ಇನ್ನೊಂದು ತೆಗೆದೆ. ಮೇಲೆ ನೆತ್ತಿ ಚಪ್ಪಟೆಯಾದ ವೃತ್ತ, ಅದರಲ್ಲಿ ಏಳು ಪಿನ್ನಿನ ಜಾಗ. ಡಿಸಿ ಗನ್ನಿನಲ್ಲಿ ನಿಜವಾಗಿ ಲೋಹ ಇರುವುದು ಮೂರಕ್ಕೆ ಮಾತ್ರ, ಮೇಲಿನ ಸಣ್ಣವೆರಡು ಮತ್ತು ಮಧ್ಯದ ಅರ್ಥಿಂಗಿನದು. ಕೆಳಗೆ ಅಡ್ಡಕ್ಕೆ ಉದ್ದವಾದ ಗುಂಡುಮೂಲೆಯ ಮನೆಯಲ್ಲಿ ದಪ್ಪನೆಯ ಎರಡು. ಕರಿಯ ಪ್ಲಾಸ್ಟಿಕ್ಕಿನ ಮೇಲೆ ನೇರ ಬೆಳಕು ಬಿದ್ದರೆ ಇವೆಲ್ಲ ಒಂದೇ ಕಪ್ಪು ಗುಂಡಿಯಾಗುತ್ತವೆಂದು, ಬಿಳಿ ಥರ್ಮಾಕೋಲಿನ ತುಂಡೊಂದನ್ನು ಬದಿಗೆ ಹಿಡಿದು ಓರೆ ಬೆಳಕು ಮಾಡಿದೆ. ಆಗ ಪ್ರತಿ ತೂತಿನ ಅಂಚಿಗೂ ಒಂದು ತೆಳು ಬಿಳಿ ಗೆರೆ ಬಂತು.

ಟ್ಯಾಕ್ಸಿಯವರು ಕ್ಯಾಮೆರಾದ ಪರದೆಯನ್ನು ದೊಡ್ಡದು ಮಾಡಿಸಿಕೊಂಡು ಪಿನ್ನುಗಳನ್ನು ಒಂದೊಂದಾಗಿ ಎಣಿಸಿ, "ಈಗ ಕೂರ್ತದೆ" ಎಂದರು. ಮೊದಲ ಚಿತ್ರಕ್ಕೆ ಹಿಂದೆ ಹೋಗಿ ಅದನ್ನೂ ಮೂಲೆಮೂಲೆ ನೋಡಿದರು. ಹಿಂದಿನ ಸೀಟಿನ ಮೇಲೆ ಒಣಹಾಕಿದ್ದ ಅವರ ಟವೆಲ್ ಕಿಟಕಿಯ ಗಾಜಿನಲ್ಲಿ ಸ್ಪಷ್ಟವಾಗಿ ಬಂದಿತ್ತು. ಆಕಾಶ ಆಗಲೇ ಕಪ್ಪಾಗಿತ್ತು. ಬೋರ್ಡಿನಲ್ಲಿ ಆ ಟವೆಲ್ ಈಗಲೂ ಇದೆ.