ದುಡ್ಡು ಕೊಟ್ಟು ಬರೆಸಿದ ಚಿತ್ರ ಯಾರದು?

"ದುಡ್ಡು ಕೊಟ್ಟು ಬರೆಸಿದ್ಮೇಲೆ ಚಿತ್ರ ನಮ್ದೇ ಅಲ್ವಾ ಮೇಡಂ, ಅಂಗಡಿಗೆ ಹಾಕ್ಕೊಳೋಕೆ ಮತ್ತೆ ಯಾಕೆ ದುಡ್ಡು ಕೇಳ್ತೀರ?"

ದುಡ್ಡಿಗೆ ಮುಖದ ಚಿತ್ರ ಬರೆದುಕೊಡೋ ನನ್ನನ್ನ ಗಿರಾಕಿಗಳು ಕೇಳೋ ಪ್ರಶ್ನೆ ಇದು. ಕಾಗದದ ಮೇಲೆ ಏನೂ ಬರ್ಕೊಂಡಿಲ್ಲ ಅಂದ್ರೆ ಹೌದು, ನಿಮ್ದೇ. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಅದೂ ಒಂದು ಬೆಲ್ಲದ ಕವರ್ ನೋಡಿದ್ಮೇಲೆ.

ಮಂಡ್ಯದಲ್ಲಿ ಬೆಲ್ಲದ ಅಂಗಡಿ ಇಟ್ಟಿರೋ ಒಬ್ರು ತೀರಿಕೊಂಡ ಅವ್ರ ತಂದೆ ಚಿತ್ರ ಬರೆಸಿದ್ರು, ಪೇಟ ಕಟ್ಟಿ, ದಪ್ಪ ಗೆರೆ, ನಾಕೇ ಬಣ್ಣ, ನಾನು ಯಾವಾಗ್ಲೂ ಮಾಡೋ ಶೈಲೀಲೇ. ಒಂದು ಮುಖಕ್ಕೆ ನನಗೆ ಸುಮಾರು ಆರು ಗಂಟೆ ಹಿಡಿಯುತ್ತೆ, ಗಂಟೆಗೆ 400ರ ಲೆಕ್ಕದಲ್ಲಿ 2,400 ರೂಪಾಯಿ ಅಂತ ವಾಟ್ಸಾಪಲ್ಲಿ ಹೇಳ್ದೆ, ಅವ್ರು ಸರಿ ಅಂದ್ರು, ಅಷ್ಟೇ ನಮ್ಮಿಬ್ರ ಮಾತು. ನಾಕು ತಿಂಗಳಾದ್ಮೇಲೆ ಮೈಸೂರಿನ ದೇವರಾಜ ಮಾರ್ಕೆಟಿಂದ ನನ್ನ ಫ್ರೆಂಡ್ ಒಂದು ಫೋಟೋ ಕಳಿಸಿದ್ಲು, ಒಂದು ಕೆಜಿ ಬೆಲ್ಲದ ಕವರ್ ಮೇಲೆ ಅದೇ ಅಜ್ಜ, ಮೂಲೇಲಿದ್ದ ನನ್ನ ಸಹಿ ಕತ್ತರಿಸಿ ಹೋಗಿತ್ತು, ವಾಟ್ಸಾಪಲ್ಲಿ ಕಳಿಸಿದ ಸಣ್ಣ ಫೈಲನ್ನೇ ಎಳೆದು ದೊಡ್ಡದು ಮಾಡಿದ್ರಿಂದ ಕಣ್ಣಿನ ಗೆರೆ ಎಲ್ಲಾ ಒಡೆದುಹೋಗಿತ್ತು.

ಸಿಟ್ಟು ಬಂತು. ಆದ್ರೆ ಕಾನೂನು ಗೊತ್ತಿರೋ ಒಬ್ಬರನ್ನ ಕೇಳಿದ್ರೆ ತಪ್ಪು ನಂದೇ ಅಂದ್ರು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ 17ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಬರೆದೋರೇ ಮೊದಲ ಮಾಲೀಕರು, ಆದ್ರೆ ಫೋಟೋ, ಪೇಂಟಿಂಗ್, ಪೋರ್ಟ್ರೇಟ್ ಇಂಥವನ್ನ ಯಾರಾದ್ರೂ ದುಡ್ಡು ಕೊಟ್ಟು ಹೇಳಿ ಮಾಡಿಸಿದ್ರೆ, ಬೇರೆ ಒಪ್ಪಂದ ಇಲ್ದಿದ್ರೆ, ಮಾಡಿಸಿದವ್ರೇ ಮಾಲೀಕರು. ನಮ್ಮಲ್ಲಿ ಸುಮಾರು ಜನ ಚಿತ್ರಗಾರರು ಹೊರದೇಶದವ್ರ ವಿಡಿಯೋ ನೋಡಿ "ಕಾಪಿರೈಟ್ ತಾನಾಗೇ ನಮ್ಮ ಹತ್ರಾನೇ ಇರುತ್ತೆ" ಅಂದ್ಕೊಂಡಿರ್ತೀವಿ, ಪೋರ್ಟ್ರೇಟ್ ವಿಷಯದಲ್ಲಿ ಇಲ್ಲಿ ಅದು ಉಲ್ಟಾ. ನನಗೆ ಉಳಿದಿದ್ದು 57ನೇ ಸೆಕ್ಷನ್ ಒಂದೇ, ಕಾಪಿರೈಟ್ ಯಾರ ಹತ್ರ ಇದ್ರೂ ಇದನ್ನ ಬರೆದಿದ್ದು ನಾನು ಅಂತ ಹೇಳ್ಕೊಳೋ ಹಕ್ಕು, ನನ್ನ ಹೆಸರು ಕೆಡೋ ಹಾಗೆ ಚಿತ್ರ ತಿರುಚಿದ್ರೆ ಕೇಳೋ ಹಕ್ಕು.

ಅಂಗಡಿಯವ್ರು ಮೋಸಗಾರರಲ್ಲ, ಫೋನ್ ಮಾಡ್ದಾಗ ಪಾಪ ಗಾಬರಿ ಆದ್ರು. ಅವ್ರಿಗೂ ಕವರ್ ಸರಿಯಾಗಿ ಬಂದಿಲ್ಲ ಅನ್ನೋ ಬೇಜಾರಿತ್ತು. ಹಳೇ ಚಿತ್ರ ಅವ್ರದೇ, ಅದನ್ನ ನಾನು ವಾಪಸ್ ಕೇಳೋ ಹಾಗಿಲ್ಲ, ಅದಕ್ಕೆ ಕವರ್‌ಗೆ ಅಂತಲೇ ಹೊಸದು ಬರೆಯೋದು, ಈ ಸಲ ಮೊದಲೇ ಒಂದು ಹಾಳೆ ಬರೆದು ಇಬ್ರೂ ಸಹಿ ಹಾಕೋದು ಅಂತ ಆಯ್ತು. ಹಾಳೇಲಿ ಇದ್ದಿದ್ದು ಇಷ್ಟು: "ಈ ಚಿತ್ರದ ಕಾಪಿರೈಟ್ ಬರೆದವರಲ್ಲೇ ಉಳಿಯುತ್ತದೆ. ಬೆಲ್ಲದ ಕವರ್ ಮತ್ತು ಅಂಗಡಿ ಬೋರ್ಡಿಗೆ, ಕರ್ನಾಟಕದೊಳಗೆ, ಎರಡು ವರ್ಷ ಬಳಸಲು ಅನುಮತಿ ಇದೆ. ಸಹಿ ತೆಗೆಯಬಾರದು. ಬರೆದವರು ಈ ಚಿತ್ರವನ್ನು ಬೇರೆ ಯಾರಿಗೂ ಮಾರಬಾರದು."

ಕೊನೇ ಸಾಲು ನಾನೇ ಹಾಕಿದ್ದು, ಅದು ಅವ್ರ ಅಪ್ಪನ ಮುಖ ಕಣ್ರೀ, ಕಾಪಿರೈಟ್ ನನ್ನ ಹತ್ರ ಇದೆ ಅಂತ ಇನ್ನೊಬ್ರಿಗೆ ಕೊಡೋಕೆ ಮನಸ್ಸು ಬರುತ್ತಾ. ನನ್ನ ಪೇಜಲ್ಲಿ ಹಾಕ್ಬೇಕಾದ್ರೂ ಮನೆಯವ್ರನ್ನ ಕೇಳೇ ಹಾಕ್ತೀನಿ. ವರ್ಷ ಮತ್ತೆ ಜಾಗ ಬರೆಯೋದು ಮಾತ್ರ ಯಾವತ್ತೂ ಮರೀಬೇಡಿ, ಬರೀದಿದ್ರೆ ಕಾಯ್ದೆ ಪ್ರಕಾರ ಐದು ವರ್ಷ, ಇಡೀ ಇಂಡಿಯಾ ಅಂತ ಆಗುತ್ತೆ.

ರೇಟ್ ಹೀಗೆ ಕಟ್ದೆ. ಬರೆಯೋ ಕೂಲಿ ಅದೇ 2,400. ಮಾರೋ ವಸ್ತು ಮೇಲೆ ಹಾಕೋದಕ್ಕೆ ವರ್ಷಕ್ಕೆ ಒಂದು ಕೂಲಿಯಷ್ಟು ಸೇರಿಸ್ತೀನಿ, ಎರಡು ವರ್ಷಕ್ಕೆ 4,800, ಒಟ್ಟು 7,200. ಇದು ನನ್ನ ಲೆಕ್ಕ, ಬೇರೆಯವ್ರು ಬೇರೆ ಥರ ಹಾಕ್ತಾರೆ. ಅರ್ಧ ಮೊದಲೇ ತಗೊಂಡು, ಪೂರ್ತಿ ಬಂದ್ಮೇಲೆ ಪ್ರಿಂಟಿಗೆ ಬೇಕಾದ ದೊಡ್ಡ ಫೈಲ್ ಕೊಟ್ಟೆ. ಎರಡು ವರ್ಷ ಮುಗಿಯೋ ಹೊತ್ತಿಗೆ ಮಾಡಿಸಿಟ್ಟ ಕವರ್ ಉಳಿದಿದ್ರೆ ಖಾಲಿ ಆಗೋವರೆಗೂ ಬಳಸ್ಕೊಳಿ, ಹೊಸದಾಗಿ ಪ್ರಿಂಟ್ ಮಾಡಿಸೋ ಮುಂಚೆ ಮಾತ್ರ ಹೇಳಿ ಅಂದಿದೀನಿ.

ಮನೆಗೆ ಅಂತ ಬರೆಸೋರಿಗೆ ಈ ಎಕ್ಸ್‌ಟ್ರಾ ಯಾವುದೂ ಇಲ್ಲ. ಫ್ರೇಮ್ ಹಾಕ್ಸಿ, ಸ್ಟೇಟಸ್ ಇಡಿ, ಮದುವೆ ಕಾರ್ಡಿಗೆ ಹಾಕಿ, ಪುಣ್ಯತಿಥಿ ಫ್ಲೆಕ್ಸ್ ಬೀದೀಲಿ ಕಟ್ಟಿದ್ರೂ ನನಗೆ ಅದು ಮನೆ ಕೆಲಸವೇ, ಆದ್ರೆ ಫ್ಲೆಕ್ಸ್ ಕೆಳಗಡೆ ಅಂಗಡಿ ಹೆಸರು, ಫೋನ್ ನಂಬರ್ ಬಂತು ಅಂದ್ರೆ ಅದು ವ್ಯಾಪಾರ.

ಮೊನ್ನೆ ಅದೇ ಬೆಲ್ಲದವ್ರು ಫೋನ್ ಮಾಡಿ ಯುಗಾದಿಗೆ ಕ್ಯಾಲೆಂಡರ್ ಮಾಡಿಸ್ತೀನಿ, ಗಿರಾಕಿಗಳಿಗೆ ಸುಮ್ನೆ ಹಂಚೋದು, ಮಾರಲ್ಲ, ಅದಕ್ಕೂ ಕೊಡ್ಬೇಕಾ ಅಂದ್ರು. ಪುಕ್ಕಟೆ ಹಂಚಿದ್ರೂ ಅಂಗಡಿ ಪ್ರಚಾರಕ್ಕೇ ತಾನೆ ಅಣ್ಣ, ಹಾಳೇಲಿ ಕವರ್ ಮತ್ತೆ ಬೋರ್ಡ್ ಅಂತ ಇದೆ, ಕ್ಯಾಲೆಂಡರ್ ಇಲ್ಲ, ಅರ್ಧ ಕೂಲಿ 1,200 ಕೊಡಿ ಅಂದೆ. ಅದೇ ಹಾಳೆ ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕಿ ಕಳಿಸಿದ್ರು, ಜೊತೆಗೆ ಎರಡು ಕೆಜಿ ಬೆಲ್ಲ.